ಆರಾಧ್ಯರ ಕಥೆಯ ಕೊನೆಯ ಮಾತು

ಗಂಡಸಿನ ಕಥೆಯನ್ನು ಹೆಂಗಸಿನದು ಮಾಡುವುದಕ್ಕೆ ಒಂದು ಬೆಳಗು ಸಾಕು ಎಂದುಕೊಂಡೇ ಪಂಕಜಾಕ್ಷಿ ಆ ದಿನ ಸ್ಟುಡಿಯೊಗೆ ಬಂದಳು. ಕೇಳುವ ಪುಸ್ತಕಗಳನ್ನು ಮಾಡುವ ಆ ಸ್ಟುಡಿಯೊ ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಹಳೇ ಮನೆಯ ಹಿಂಭಾಗದಲ್ಲಿತ್ತು. ಅಡುಗೆಮನೆಯ ಗೋಡೆಗೆ ಸ್ಪಂಜು ಹೊಡೆದು ಅದನ್ನೇ ಓದುವ ಕೋಣೆ ಮಾಡಿದ್ದರು. ಪಂಕಜಾಕ್ಷಿ ಮೊದಲು ನಾಟಕ ಕಂಪನಿಯಲ್ಲಿ ಪರದೆಯ ಪಕ್ಕ ನಿಂತು ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದವಳು. ಕಂಪನಿ ಮುಚ್ಚಿದ ಮೇಲೆ, ಅಚ್ಚಾದ ಕಥೆಗಳನ್ನು ಓದುವವರ ಬಾಯಿಗೆ ಹೊಂದುವಂತೆ ತಿದ್ದುವ ಕೆಲಸಕ್ಕೆ ಸೇರಿದ್ದಳು.

ಆ ತಿಂಗಳಿನ ಹತ್ತು ಕಥೆಗಳನ್ನೂ ದಾಕ್ಷಾಯಿಣಿ ಎಂಬ ಹುಡುಗಿಯೇ ಓದಬೇಕಿತ್ತು. ಒಂಬತ್ತು ಮುಗಿದಿದ್ದವು. ಉಳಿದದ್ದು ಶ್ರೀಕಂಠಾರಾಧ್ಯರ 'ಹೇಳದೆ ಹೋದ ದಿನ'. ಅದರಲ್ಲಿ ಕಥೆ ಹೇಳುವವನು ಗಂಡಸು. ಹಿಂದೊಮ್ಮೆ ಹೆಣ್ಣು ದನಿಯಲ್ಲಿ "ನಾನು ಮೀಸೆ ತಿರುವಿದೆ" ಎಂದು ಬಂದು ಕೇಳುಗರೆಲ್ಲ ನಕ್ಕಿದ್ದರು. ಹಾಗಾಗಿ ಕಥೆಯನ್ನು ಹೆಂಗಸಿನ ಬಾಯಿಗೆ ಬದಲಿಸಿ, ಇಲ್ಲವೇ ಬಿಟ್ಟುಬಿಡಿ ಎಂದು ಸ್ಟುಡಿಯೊದ ಯಜಮಾನರು ಹೇಳಿದ್ದರು.

ಆರಾಧ್ಯರಿಗೆ ಅದು ಬಿಟ್ಟುಬಿಡುವಂಥದ್ದಾಗಿರಲಿಲ್ಲ. ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಅವರು ಬರೆದ ಕಥೆಗಳು ಬಹಳ. ಜನ ನೆನಪಿಟ್ಟುಕೊಂಡದ್ದು ಇದೊಂದನ್ನೇ. ಅದನ್ನು ಅಚ್ಚು ಹಾಕಿದ ವಾರಪತ್ರಿಕೆ ಯಾವಾಗಲೋ ನಿಂತುಹೋಗಿತ್ತು. ಅವರಿಗೀಗ ಕಣ್ಣೂ ಮಂದ. ತಮ್ಮ ಕಥೆಯನ್ನು ತಾವೇ ಕೂತು ಕೇಳಬೇಕು ಎಂಬುದೊಂದೇ ಆಸೆ. ಫೋನಿನಲ್ಲಿ ಒಪ್ಪಿಗೆ ಕೊಡುವಾಗ ಒಂದು ಷರತ್ತು ಹಾಕಿದ್ದರು. "ಅವನು ಇದ್ದಲ್ಲಿ ಅವಳು ಮಾಡ್ಕೊಳಿ ಪಂಕಜಮ್ಮ. ಅದರಾಚೆ ಒಂದಕ್ಷರ ಮುಟ್ಟಬೇಡಿ. ಕೊನೇ ಮಾತಂತೂ ಹಾಗೇ ಇರಬೇಕು."

ಕಥೆ ಸರಳವಾದದ್ದು. ಬೆಳಗಿನ ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಹೆಂಡತಿಯ ಮೇಲೆ ರೇಗಿದ ಗುಮಾಸ್ತನೊಬ್ಬ ಆಫೀಸಿಗೆ ಹೋಗದೆ, ಯಾರಿಗೂ ಹೇಳದೆ, ಶ್ರೀರಂಗಪಟ್ಟಣದ ಬಸ್ಸು ಹತ್ತುತ್ತಾನೆ. ಹೊಳೆ ಮೆಟ್ಟಿಲ ಮೇಲೆ ಕೂರುತ್ತಾನೆ, ಹೋಟೆಲಿನಲ್ಲಿ ತಿನ್ನುತ್ತಾನೆ, ಮುಖಕ್ಕೆ ಟವೆಲು ಹಾಕಿಕೊಂಡು ಅರಳಿಮರದ ಕೆಳಗೆ ನಿದ್ದೆ ಮಾಡುತ್ತಾನೆ. ಸಾಯಂಕಾಲ ಅಂಜುತ್ತಾ ಮನೆಗೆ ಬಂದರೆ ಹೆಂಡತಿ ಬಾಗಿಲು ತೆಗೆದು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದೇ ಇಲ್ಲ. "ಊಟ ಆಯ್ತಾ ನಿಮ್ದು?" ಎನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಮಾತನ್ನು ಬಸ್ಸಿನಲ್ಲಿ, ಮದುವೆಮನೆಯಲ್ಲಿ ಜನ ಆರಾಧ್ಯರಿಗೇ ತಿರುಗಿ ಹೇಳಿದ್ದುಂಟು.

ಪಂಕಜಾಕ್ಷಿ ಪೆನ್ಸಿಲು ಹಿಡಿದಳು. ತಿದ್ದುವುದು ಅಂದುಕೊಂಡಷ್ಟೂ ಇರಲಿಲ್ಲ. ಹೊರಟೆ, ಹತ್ತಿದೆ, ಕೂತೆ, ತಿಂದೆ: ನಾನು ಎಂದು ಹೇಳಿಕೊಳ್ಳುವಾಗ ಗಂಡಿಗೂ ಹೆಣ್ಣಿಗೂ ಕನ್ನಡದಲ್ಲಿ ಒಂದೇ ರೂಪ. ಅವನ್ನೆಲ್ಲ ಮುಟ್ಟದೆ ದಾಟಿದಳು. "ಒಬ್ಬನೇ ಕೂತಿದ್ದೆ" ಎಂಬುದು "ಒಬ್ಬಳೇ ಕೂತಿದ್ದೆ" ಆಯಿತು. "ಒಂದು ದಿನವೂ ರಜೆ ಹಾಕದವನು ನಾನು" ಎಂಬಲ್ಲಿ "ಹಾಕದವಳು" ಬಂತು. ಕಂಡಕ್ಟರು "ಎಲ್ಲಿಗಯ್ಯಾ?" ಎಂದದ್ದು "ಎಲ್ಲಿಗಮ್ಮಾ?" ಎಂದಾಯಿತು. ನೆರೆಮನೆಯವರು "ಇವತ್ತು ಬೇಗ ಹೊರಟ" ಎಂದುಕೊಂಡದ್ದನ್ನು "ಹೊರಟಳು" ಮಾಡಿದಳು. ದಾರಿಯಲ್ಲಿ ಕಂಡ ಬಾಮೈದನನ್ನು ಮೈದುನನನ್ನಾಗಿಸಿದಳು.

ಕಷ್ಟ ಬಂದದ್ದು ಹೆಂಡತಿಯನ್ನು ಗಂಡನನ್ನಾಗಿ ಮಾಡುವಾಗ. ಕಥೆಯ ಉದ್ದಕ್ಕೂ ಹೆಂಡತಿ "ಅವಳು". ಬಡಿಸಿದಳು, ಮುಖ ತಿರುಗಿಸಿದಳು. ಆ ಕಾಲದ ಹೆಂಗಸು ಗಂಡನನ್ನು "ಅವನು ಮುಖ ತಿರುಗಿಸಿದನು" ಎನ್ನುತ್ತಾಳೆಯೇ? ಪಂಕಜಾಕ್ಷಿ "ಅವರು ಮುಖ ತಿರುಗಿಸಿದರು" ಎಂದು ಬರೆದಳು. ಬರೆದದ್ದೇ ತಡ, ಜಗಳದಲ್ಲಿ ಗಂಡ ಒಂದು ಮೆಟ್ಟಿಲು ಮೇಲೆ ಹೋಗಿ ಕೂತ. ಉಪ್ಪಿಲ್ಲ ಎಂದು ರೇಗುವ ಪಾಲೂ ಅವನದೇ ಆಯಿತು, ಉಪ್ಪಿಟ್ಟು ಬಡಿಸಿ ಮುನಿದು ಹೊರಡುವ ಪಾಲು ಹೆಂಡತಿಯದು. ಕೊನೆಯ ಮಾತಿನಲ್ಲಿ "ನಿಮ್ದು" ಇದ್ದದ್ದು "ನಿಂದು" ಆಯಿತು. ಅಷ್ಟರ ಮಟ್ಟಿಗೆ ಷರತ್ತು ಮುರಿಯಲೇಬೇಕಾಯಿತು.

ಆಮೇಲೆ ಕೋಣೆಯೊಳಗೆ ದಾಕ್ಷಾಯಿಣಿ ಓದಲು ಕೂತಳು. ಹೊರಗೆ ಮುನೀರ್ ದನಿ ಹಿಡಿಯುವ ಯಂತ್ರದ ಮುಂದೆ ಕೂತಿದ್ದ. ಹೊಳೆ ಮೆಟ್ಟಿಲವರೆಗೆ ಓದು ಚೆನ್ನಾಗಿಯೇ ಸಾಗಿತು. "ಮುಖಕ್ಕೆ ಸೆರಗು ಹಾಕಿಕೊಂಡು ಅರಳಿಮರದ ಕೆಳಗೆ ಮಲಗಿದೆ" ಎಂಬಲ್ಲಿ ಅವಳ ದನಿ ಜಾರಿತು. ಇನ್ನೊಮ್ಮೆ ಓದಿದಳು. ಮತ್ತೂ ಜಾರಿತು.

"ಏನಮ್ಮ, ನಿದ್ದೆ ಬರ್ತಿಲ್ವಾ ನಿಂಗೆ?" ಎಂದ ಮುನೀರ್.

"ನಂಗಲ್ಲ, ಇವಳಿಗೆ ಬರಲ್ಲ" ಎಂದಳು ದಾಕ್ಷಾಯಿಣಿ. "ಅಕ್ಕಾ, ಗುರುತು ಪರಿಚಯ ಇಲ್ಲದ ಊರಲ್ಲಿ, ಮಟಮಟ ಮಧ್ಯಾಹ್ನ, ಮರದ ಕೆಳಗೆ ಹೆಂಗಸೊಬ್ಬಳೇ ಮಲಗಿದ್ರೆ ಸುಮ್ನೆ ಬಿಡ್ತಾರಾ? ಸುತ್ತ ಜನ ಸೇರಲ್ವಾ?"

"ನೀರು ಚಿಮುಕಿಸಿ ಎಬ್ಬಿಸ್ತಾರೆ," ಎಂದಳು ಪಂಕಜಾಕ್ಷಿ. "ಬದುಕಿದಾಳಾ ನೋಡಿ ಅಂತ."

ಆ ಸಾಲನ್ನು ಅವಳು ಅಲ್ಲೇ ಕೂತು ತಿದ್ದಿದಳು. ಈಗ ಆ ಹೆಂಗಸು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಮೆಟ್ಟಿಲ ಮೇಲೇ ಕೂತಳು. ಬಟ್ಟೆ ಒಗೆಯುತ್ತಿದ್ದವಳು "ಯಾರ ಜೊತೆ ಬಂದ್ರಮ್ಮ?" ಎಂದಾಗ "ನಮ್ಮನೆಯವರು ಹಿಂದೆ ಬರ್ತಿದಾರೆ" ಎಂದು ಸುಳ್ಳು ಹೇಳಿದಳು. ಇನ್ನು ಕಥೆಯ ಮೊದಲಿಗೂ ಒಂದು ಸಾಲು ಬೇಕಾಯಿತು. ಮನೆ ಬಿಡುವ ಮೊದಲು ಅವಳು ಹಾಲು ಕಾಯಿಸಿಟ್ಟಳು. ಕೋಪ ಎಷ್ಟೇ ಇರಲಿ, ಒಡೆದ ಹಾಲು ಮನಸ್ಸಿನಲ್ಲಿದ್ದರೆ ಯಾವ ಹೆಂಗಸೂ ನೆಮ್ಮದಿಯಾಗಿ ಹೊಳೆ ನೋಡಲಾರಳು ಎಂಬುದು ಪಂಕಜಾಕ್ಷಿಯ ಲೆಕ್ಕ.

ಮಧ್ಯಾಹ್ನ ಆರಾಧ್ಯರು ಆಟೊದಲ್ಲಿ ಬಂದಿಳಿದರು. ಇಸ್ತ್ರಿ ಮಾಡಿದ ಜುಬ್ಬ, ಹಣೆಗೆ ವಿಭೂತಿ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ಹಾಲಿನ ಸಾಲಿಗೆ ಹುಬ್ಬು ಎತ್ತಿದರು. ಹೊಳೆ ಮೆಟ್ಟಿಲು ಬಂದಾಗ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟರು.

"ಏನ್ರೀ ಇದು? ನನ್ನ ಮನುಷ್ಯ ಇಡೀ ಕಥೇಲಿ ಒಂದು ಸುಳ್ಳೂ ಹೇಳಲ್ಲ."

"ಅವರಿಗೆ ಆ ಅವಶ್ಯಕತೆ ಬೀಳ್ಲಿಲ್ಲ ಸಾರ್. ಅವರನ್ನ ಯಾರೂ ಏನೂ ಕೇಳ್ಲಿಲ್ಲ."

"ಅವನು ಅವಳು ಬದಲಾಯಿಸಿ ಅಂದ್ರೆ ಕಥೇನೇ ಬದಲಾಯಿಸಿಬಿಟ್ರಲ್ಲ! ಇನ್ನು ಕೊನೇದಕ್ಕೂ ಕೈ ಹಾಕಿದೀರೋ?"

"ಇಲ್ಲ ಸಾರ್, 'ನಿಮ್ದು' ಇದ್ದದ್ದು 'ನಿಂದು' ಆಗಿದೆ ಅಷ್ಟೇ. ಆದ್ರೆ ಅದೂ ಕೂರ್ತಿಲ್ಲ. ಕೇಳಿ ನೀವೇ."

ಮುನೀರ್ ಕೊನೆಯ ತುಣುಕು ಹಾಕಿದ. ಗಂಡ ಬಾಗಿಲು ತೆಗೆದ. "ಊಟ ಆಯ್ತಾ ನಿಂದು?" ಎಂದ. ದಾಕ್ಷಾಯಿಣಿ ಚೆನ್ನಾಗಿಯೇ ಹೇಳಿದ್ದಳು. ಆದರೂ ಅದು ಬೇರೆ ಯಾರದೋ ಮನೆಗೆ ಬಂದ ನೆಂಟರ ಮಾತಿನಂತೆ ಕೇಳಿಸಿತು. ಆರಾಧ್ಯರು ಒಪ್ಪಲಿಲ್ಲ. ಇದನ್ನು ಮುಟ್ಟುವುದಾದರೆ ಕಥೆ ವಾಪಸು ಕೊಡಿ ಎಂದರು. ಕೊಟ್ಟರೆ ಅದು ಅವರ ಕಪಾಟಿಗೆ ಹೋಗುತ್ತದೆ, ಇನ್ನು ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ಪಂಕಜಾಕ್ಷಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವಳು ವಾದಕ್ಕೆ ನಿಲ್ಲದೆ ಕಾಫಿ ತರಿಸಿದಳು.

ಅರ್ಧ ಲೋಟ ಕುಡಿದ ಮೇಲೆ ಆರಾಧ್ಯರೇ ಫೋನು ತೆಗೆದರು. "ನಮ್ಮನೆಯವಳನ್ನೇ ಕೇಳೋಣ. ಅವಳು ಏನಂತಾಳೋ ಅದಕ್ಕೆ ನೀವೂ ಒಪ್ಕೋಬೇಕು." ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿ ಮೇಜಿನ ಮೇಲಿಟ್ಟರು.

"ಮಂಗಳಾ, ಒಂದು ವಿಷಯ ಕೇಳ್ತೀನಿ. ನೀನು ನನ್ನ ಮೇಲೆ ಕೋಪ ಮಾಡ್ಕೊಂಡು, ಯಾರಿಗೂ ಹೇಳದೆ ಒಂದು ದಿನ ಎಲ್ಲಿಗೋ ಹೋಗಿಬಿಟ್ಟೆ ಅಂತ ಇಟ್ಕೋ."

"ಯಾವತ್ತು?" ಎಂದರು ಅತ್ತಲಿಂದ ಸರ್ವಮಂಗಳಮ್ಮ.

"ಯಾವತ್ತೋ ಒಂದಿನ."

"ಗುರುವಾರ ಆಗಲ್ಲಪ್ಪ, ಗ್ಯಾಸಿನವನು ಬರ್ತಾನೆ."

ಮುನೀರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ನಿಜವಾಗಿ ಅಲ್ಲ ಕಣೇ, ಕಥೇಲಿ!"

"ಕಥೇಲಾದ್ರೂ ಸಿಲಿಂಡರ್ ಯಾರಾದ್ರೂ ಇಳಿಸ್ಕೋಬೇಕಲ್ಲ? ಸರಿ, ಹೋದೆ ಅಂತ್ಲೇ ಇಟ್ಕೊಳಿ. ಆಮೇಲೆ?"

"ಸಾಯಂಕಾಲ ನೀನು ವಾಪಸ್ ಬಂದೆ. ನಾನು ಬಾಗಿಲು ತೆಗೆದೆ. ಏನು ಕೇಳ್ತೀನಿ ಹೇಳು."

ಅತ್ತ ನಲ್ಲಿಯ ನೀರು ನಿಂತ ಸದ್ದು ಬಂತು. "ಏನು ಕೇಳ್ತೀರಿ ಅಂದ್ರೆ, 'ರಾತ್ರಿಗೇನು ಅಡುಗೆ?' ಅಂತ ಕೇಳ್ತೀರಿ."

ಆ ಮಾತಿನಲ್ಲಿ ದೂರೂ ಇರಲಿಲ್ಲ, ಕೊಂಕೂ ಇರಲಿಲ್ಲ. ತರಕಾರಿ ಏನಿದೆ ಎಂದರೆ ಏನಿದೆಯೋ ಅದನ್ನು ಹೇಳುವ ದನಿ. ಆರಾಧ್ಯರು ಲೋಟವನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿದರು. ಪಂಕಜಾಕ್ಷಿ ತಲೆ ತಗ್ಗಿಸಿ ಹಾಳೆ ಜೋಡಿಸಿದಳು. ಈಗ ಅವರ ಮುಖ ನೋಡಬಾರದು ಎನ್ನುವುದು ಅವಳಿಗೆ ಪರದೆಯ ಪಕ್ಕ ನಿಂತ ಕಾಲದಿಂದಲೂ ಗೊತ್ತು. ಮಾತು ಮರೆತ ನಟನನ್ನು ದುರುಗುಟ್ಟಿ ನೋಡಿದರೆ ನೆನಪಿದ್ದದ್ದೂ ಹೋಗುತ್ತದೆ.

"ಹಂಗಂದಾಗ ನೀನೇನು ಹೇಳ್ತೀಯಾ?" ಎಂದರು ಆರಾಧ್ಯರು ಫೋನಿಗೆ.

"ಹೇಳೋದೇನು ಬಂತು? ಅಕ್ಕಿ ತೊಳೀತೀನಿ. ನಿಮ್ಮ ಕಥೆ ಏನಾಯ್ತು? ಒಪ್ಕೊಂಡ್ರಾ ಅವರು?"

"ಹ್ಞೂಂ, ಒಪ್ಕೊಂಡ್ರು" ಎಂದು ಆರಾಧ್ಯರು ಫೋನು ಇಟ್ಟರು.

ಆಮೇಲೆ ಪಂಕಜಾಕ್ಷಿಯ ಕಡೆಗೆ ಕೈ ಚಾಚಿದರು. ಅವಳು ಹಾಳೆ, ಪೆನ್ಸಿಲು ಕೊಟ್ಟಳು. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ತಮ್ಮ ಕೊನೆಯ ಸಾಲನ್ನು ಹುಡುಕಿದರು. ಅದರ ಮೇಲೆ ಒಂದು ಗೀಟು ಎಳೆದರು. ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬರೆದು ಹಿಂದಕ್ಕೆ ಕೊಟ್ಟರು. "ಅಕ್ಷರ ಸೊಟ್ಟ ಇದ್ರೆ ಸರಿ ಮಾಡ್ಕೊಳಿ. ಇನ್ನೇನೂ ಸೇರಿಸ್ಬೇಡಿ."

"ಇಲ್ಲ ಸಾರ್. ಹಾಲು ಮತ್ತೆ ಸುಳ್ಳು?"

"ಇರ್ಲಿ ಬಿಡಿ."

ದಾಕ್ಷಾಯಿಣಿ ಮತ್ತೆ ಕೋಣೆಗೆ ಹೋದಳು. ಮುನೀರ್ ಬೆರಳೆತ್ತಿದ. ಅವಳು ಓದಿದಳು: "ಅವರು ಬಾಗಿಲು ತೆಗೆದರು. 'ರಾತ್ರಿಗೇನು ಅಡುಗೆ?' ಎಂದರು. ನಾನು ಅಕ್ಕಿ ತೊಳೆದೆ."

ಈ ಸಲ ಎಲ್ಲೂ ಜಾರಲಿಲ್ಲ. ಮುನೀರ್ ಇನ್ನೊಂದು ಸಲ ಓದು ಎಂದು ಕೇಳಲೂ ಇಲ್ಲ.

ಆರಾಧ್ಯರು ಹೆಡ್‌ಫೋನು ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ಅದನ್ನು ತೆಗೆದು, ಬರೆದವರು ಅಂತ ಯಾರ ಹೆಸರು ಹಾಕುತ್ತೀರಿ ಎಂದು ಕೇಳಿದರು. ನಿಮ್ಮದೇ ಹೆಸರು ಸಾರ್, ಮೊದಲಿದ್ದ ಹಾಗೇ, ಎಂದಳು ಪಂಕಜಾಕ್ಷಿ. ತಲೆಯಾಡಿಸಿ ಎದ್ದರು.

ಗೇಟಿನವರೆಗೆ ಅವಳೇ ಕೈ ಹಿಡಿದು ಕರೆದುಕೊಂಡು ಹೋದಳು. ಆಟೊ ಹತ್ತಿ ಕೂತ ಮೇಲೆ ಆರಾಧ್ಯರು ತಲೆ ಹೊರಗೆ ಹಾಕಿದರು.

"ಪಂಕಜಮ್ಮ, ಗ್ಯಾಸು ಯಾವತ್ತು ಅಂದ್ಲು ಅವಳು?"

"ಗುರುವಾರ ಸಾರ್."

"ಗುರುವಾರ," ಎಂದರು ಆರಾಧ್ಯರು. "ಗುರುವಾರ ನಾನು ಮನೇಲೇ ಇರ್ತೀನಲ್ಲ." ಆಮೇಲೆ ಆಟೊದವನಿಗೆ ಕುವೆಂಪುನಗರದ ದಾರಿ ಹೇಳಿದರು.