ಸಾತವ್ವನ ಪುಸ್ತಕಕ್ಕೆ ನೂರಾ ಇಪ್ಪತ್ತೆಂಟು ಪುಟ

ಪ್ರೂಫಿನ ಹಾಳೆಯನ್ನು ಸಾತವ್ವ ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಎರಡನೆಯ ಸಾಲಿಗೇ ನಿಂತುಬಿಟ್ಟಳು.

"ಓದ ಆಯಿ, ನೀನ ಬರದದ್ದು ಐತಲ್ಲ," ಎಂದಳು ದೀಪಾ.

"ಓದಾಕ ಬರವಲ್ದು ಯವ್ವಾ. ಕಲಿತದ್ದು ಮರತ ಹೋತೇನ ನನಗ?"

ದೀಪಾ ಗೋಕಾಕದಲ್ಲಿ ಸೋಮಲಿಂಗನ ಡಿಟಿಪಿ ಅಂಗಡಿಯಲ್ಲಿ ಆರು ವರ್ಷದಿಂದ ಪುಸ್ತಕ ಜೋಡಿಸುವವಳು. ಸಾತವ್ವ ಮೂಡಲಗಿ ಕಡೆಯ ಹೊಲಗಳಲ್ಲಿ ನಲವತ್ತು ವರ್ಷ ಕಳೆ ಕಿತ್ತು, ಕಬ್ಬು ಕಡಿದು, ಐವತ್ತೆಂಟನೆಯ ವಯಸ್ಸಿಗೆ ಅಕ್ಷರ ಕಲಿತು, ತನ್ನ ಬದುಕನ್ನು ತಾನೇ ನಾಲ್ಕು ನೋಟ್‌ಬುಕ್ ತುಂಬ ಬರೆದವಳು. ಊರಿನವರಿಗೆ ಅದು ಗಂಟಲಲ್ಲಿ ಇಳಿಯಬೇಕಲ್ಲ? 'ಯಾರೋ ಮಾಸ್ತರ ಬರದಕೊಟ್ಟಾನ' ಎಂದು ಕಟ್ಟೆಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ಭಾನುವಾರ ಮೂಡಲಗಿಯಲ್ಲಿ ಬಿಡುಗಡೆ. ಎಲ್ಲರೆದುರು ಸಾತವ್ವನೇ ಪುಸ್ತಕ ಹಿಡಿದು ಓದುವುದೆಂದು ನಿಶ್ಚಯವಾಗಿತ್ತು. ಅಲ್ಲಿ ತಡವರಿಸಿದರೆ ಮುಗಿಯಿತು, ಪುಸ್ತಕ ಅವಳದಲ್ಲ ಎಂದೇ ಆಗಿಬಿಡುತ್ತದೆ.

ಇವತ್ತು ಶುಕ್ರವಾರ, ಹನ್ನೊಂದೂವರೆ. ಹುಕ್ಕೇರಿಯ ಪ್ರೆಸ್ಸಿನಲ್ಲಿ ವೀರಪ್ಪ ನಾಲ್ಕಕ್ಕೆ ಅಚ್ಚಿನ ಪ್ಲೇಟು ಮಾಡಲು ಕೂರುತ್ತಾನೆ.

"ಭಾನುವಾರ ನಾ ಓದಂಗಿಲ್ಲ. ನೀನ ಓದಿಬಿಡು," ಎಂದಳು ಸಾತವ್ವ. ಹಾಳೆಯನ್ನು ಮಡಚಿ ಸೆರಗಿನ ಗಂಟಿಗೆ ಸೇರಿಸತೊಡಗಿದಳು. ದೀಪಾ ಅವಳ ಕೈ ಹಿಡಿದು ತಡೆದಳು. ಯಾಕೆಂದರೆ ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು.

ಆದದ್ದು ಇಷ್ಟು. ಹೊಸದಾಗಿ ಅಕ್ಷರ ಕಲಿತವರೂ ಓದಲಿ ಎಂದು ದೀಪಾ ಹದಿಮೂರು ಪಾಯಿಂಟಿನ ಯುನಿಕೋಡ್ ಅಕ್ಷರಕ್ಕೆ ಹತ್ತೊಂಬತ್ತು ಪಾಯಿಂಟಿನ ಸಾಲಂತರ ಕೊಟ್ಟಿದ್ದಳು. ಪುಟ ನೂರಾ ನಲವತ್ತೆಂಟಾಯಿತು. ಪ್ರೆಸ್ಸಿನಲ್ಲಿ ಕಾಗದ ಬಂದು ಕತ್ತರಿಸಿಟ್ಟದ್ದು ಹದಿನಾರು ಪುಟದ ಎಂಟು ಫಾರ್ಮಿಗೆ, ಅಂದರೆ ನೂರಾ ಇಪ್ಪತ್ತೆಂಟಕ್ಕೆ. ಅದೇ ಬಣ್ಣದ ಕಾಗದ ಭಾನುವಾರದೊಳಗೆ ಬೇರೆ ಸಿಗುವುದಿಲ್ಲ. 'ಸಾಲ ಸ್ವಲ್ಪ ಬಿಗಿ ಮಾಡವಾ' ಎಂದ ಸೋಮಲಿಂಗ. ದೀಪಾ ಹತ್ತೊಂಬತ್ತನ್ನು ಹದಿನಾರಕ್ಕೆ ಇಳಿಸಿದಳು. ಇಂಗ್ಲಿಷಿಗೆ ಅದು ನಡೆಯುತ್ತಿತ್ತು. ನಮ್ಮ ಅಕ್ಷರ ಹಾಗಲ್ಲವಲ್ಲ, ಒತ್ತುಗಳು ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೆ ಏರುತ್ತವೆ. 'ಶಾಸ್ತ್ರ'ದ ಎರಡು ಒತ್ತು ಇಳಿದು ಕೆಳಸಾಲಿನ 'ಕೂಲಿ'ಯ ಗುಡಿಸಿಗೆ ಹೋಗಿ ಕೂತಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ ನೋಡುವಾಗ ದೀಪಾಳಿಗೆ ಕಂಡಿತ್ತು. ಕಂಡೂ ಬಿಟ್ಟಿದ್ದಳು. ರೂಢಿಯಿದ್ದವರು ಅಂದಾಜಿನ ಮೇಲೆ ಓದಿಕೊಂಡು ಹೋಗುತ್ತಾರೆ; ಒಂದೊಂದೇ ಅಕ್ಷರ ಹಿಡಿದು ಓದುವವಳ ಗತಿ ಏನು?

"ಆಯಿ, ನೀ ಏನೂ ಮರತಿಲ್ಲ. ತಪ್ಪ ನಂದು. ಸಾಲ ಒಂದರ ಮ್ಯಾಗ ಒಂದ ತುರುಕೀನಿ."

ಸಾತವ್ವ ಅವಳನ್ನೇ ನೋಡಿದಳು. ನಂಬಿಕೆ ಬರಲಿಲ್ಲ. ದೀಪಾ ತಿರುಗಿ ಕೂತು ಸಾಲಂತರ ಮತ್ತೆ ಹತ್ತೊಂಬತ್ತು ಮಾಡಿ, ಅದೇ ಪುಟ ಪ್ರಿಂಟ್ ತೆಗೆದು ಬಿಸಿಬಿಸಿ ಕೈಗಿಟ್ಟಳು. ಸಾತವ್ವ ಬೆರಳಿಟ್ಟು ಶುರು ಮಾಡಿದಳು. ನಿಧಾನಕ್ಕೆ, ಆದರೆ ಎಲ್ಲೂ ನಿಲ್ಲದೆ ಕೊನೆತನಕ ಓದಿದಳು. ಮುಗಿಸಿ ಕಣ್ಣೊರೆಸಿಕೊಂಡಳು.

ಸೋಮಲಿಂಗನ ಮುಖ ಮಾತ್ರ ಹುಳ್ಳಗಾಯಿತು. "ಮತ್ತ ನೂರಾ ನಲವತ್ತೆಂಟ ಆತಲ್ಲ? ಅಕ್ಷರ ಸಣ್ಣವ ಮಾಡು."

"ಸಣ್ಣವ ಮಾಡಿದ್ರ ಆಯಿ ಓದೂದು ಹ್ಯಾಂಗ ಕಾಕಾ?"

"ಹಂಗಾರ ಎಲ್ಲಿಂದ ತಗೀತಿ ಇಪ್ಪತ್ತ ಪಾನ?"

ಇಪ್ಪತ್ತು ಪುಟ ಎಲ್ಲಿತ್ತೆಂದರೆ ಪುಸ್ತಕದ ಬಾಗಿಲಲ್ಲೇ ಇತ್ತು. ನಮ್ಮಲ್ಲಿ ಪುಸ್ತಕವೆಂದರೆ ಮುನ್ನುಡಿ ಬೇಕು, ಹಾರೈಕೆ ಬೇಕು, ಹಾರೈಸಿದವರ ಫೋಟೋ ಬೇಕು. ಬಿಡುಗಡೆ ನಡೆಸುವ ಸಂಘದ ಅಧ್ಯಕ್ಷ ಸತ್ಯಪ್ಪನವರ ಮುನ್ನುಡಿಯೇ ಹನ್ನೆರಡು ಪುಟ, ಉಳಿದವರ ಹಾರೈಕೆ ಎಂಟು. ಸಾತವ್ವ ಹುಟ್ಟುವ ಮೊದಲೇ ಓದುಗ ಸುಸ್ತಾಗಬೇಕು! ಅವನ್ನೇ ತೆಗೆಯೋಣ ಎಂದು ದೀಪಾ, ಹೇಳಲೋ ಬೇಡವೋ ಎನ್ನುತ್ತಲೇ, ಹೇಳಿದಳು.

ಸೋಮಲಿಂಗ ಎದೆ ಹಿಡಿದುಕೊಂಡ. "ಸತ್ಯಪ್ಪನವರು ಭಾನುವಾರದ ಸಭೆಗೂ ಅಧ್ಯಕ್ಷರು. ಆಯಿ, ಇದು ನೀನ ಬರದದ್ದು ಅಂತ ಸಾಕ್ಷಿ ಹೇಳಿದವರ ಅವರೊಬ್ಬರ. ಆ ಮಾತ ತಗದ್ರ ನಿನ್ನ ಕೈಯಾಗ ಏನ ಉಳೀತೈತಿ?"

ಅದು ಖರೆಯೇ. 'ಈಕೆ ಸ್ವತಃ ಬರೆದದ್ದನ್ನು ನಾನು ಬಲ್ಲೆ' ಎಂದು ಮುನ್ನುಡಿಯಲ್ಲಿ ಬರೆದಿದ್ದರು ಸತ್ಯಪ್ಪ. ಗಡಿಯಾರದಲ್ಲಿ ಹನ್ನೆರಡೂವರೆಯಾಗಿತ್ತು.

"ತಗದಬಿಡ ತಂಗಿ," ಎಂದಳು ಸಾತವ್ವ. "ಅವರ ಹೇಳೂದು ಯಾಕ? ನಾ ಓದತೀನಲ್ಲ."

ದೀಪಾ ವೀರಪ್ಪನಿಗೆ ಫೋನ್ ಮಾಡಿ, ಮೊದಲು ಕಳಿಸಿದ್ದ ಹಳೆಯ ಫೈಲು ಮುಟ್ಟಬೇಡಿ ಎಂದಳು. ಇಪ್ಪತ್ತು ಪುಟ ತೆಗೆದಳು. ಲೆಕ್ಕ ನೂರಾ ಇಪ್ಪತ್ತೆಂಟಕ್ಕೆ ಬಂದು ನಿಂತಿತು. ಒಂದೊಂದೇ ಪುಟದ ಒತ್ತು ನೋಡಿದಳು. ಪಿಡಿಎಫ್ ಮಾಡಿ, ಫಾಂಟು ಒಳಗೇ ಸೇರಿದೆಯೇ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು ಪೆನ್‌ಡ್ರೈವಿಗೆ ಹಾಕಿದಳು. ಮೇಲ್ ಮಾಡಿ ಕೂರಲು ಜೀವ ಒಪ್ಪಲಿಲ್ಲ. ತಾನೇ ಬಸ್ಸು ಹತ್ತಿದಳು.

ಹುಕ್ಕೇರಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ವೀರಪ್ಪ ಪುಟ ಕೂಡಿಸಲು ತನ್ನ ಹಳೆಯ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಪಿಡಿಎಫ್ ತೆರೆದ. ದೀಪಾ ಪರದೆಯ ಕಡೆ ಬಾಗಿದಳು. ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು. 'ಶಾಸ್ತ್ರ' ಹೋಗಿ 'ಶಾಸ್‌ತ್‌ರ' ಆಗಿತ್ತು.

"ನಿಮ್ಮ ಯುನಿಕೋಡಿನ ಹಣೇಬಾರನ ಇಷ್ಟ," ಎಂದ ವೀರಪ್ಪ. "ನುಡಿ ಫಾಂಟಿನಾಗ ಮಾಡಿ ತಾ ಅಂದ್ರ ಕೇಳಂಗಿಲ್ಲ."

"ತೆರೆಯೂವಾಗ ಅದು ಏನರೆ ಕೇಳಿತೇನ್ರಿ ಅಣ್ಣಾ?"

"ಟೆಕ್ಸ್ಟ್ ಬೇಕೋ ಕರ್ವ್ ಬೇಕೋ ಅಂತ. ನಾ ಯಾವತ್ತೂ ಟೆಕ್ಸ್ಟ್ ಅಂತೇನಿ. ತಪ್ಪಿದ್ರ ತಿದ್ದಾಕ ಬರತೈತಿ."

ಅಲ್ಲೇ ಇತ್ತು ಎಡವಟ್ಟು. ಟೆಕ್ಸ್ಟ್ ಎಂದರೆ ಅಕ್ಷರಗಳನ್ನು ಆ ಹಳೆಯ ಸಾಫ್ಟ್‌ವೇರು ಹೊಸದಾಗಿ ಜೋಡಿಸಲು ಹೋಗುತ್ತದೆ, ಕನ್ನಡದ ಒತ್ತು ಜೋಡಿಸುವುದು ಅದಕ್ಕೆ ಬಾರದು. ಕರ್ವ್ ಎಂದರೆ ಪಿಡಿಎಫ್‌ನಲ್ಲಿದ್ದ ಆಕಾರವನ್ನೇ ಗೆರೆಗಳಾಗಿ ತೆಗೆದುಕೊಳ್ಳುತ್ತದೆ. "ಕರ್ವ್ ಒತ್ರಿ. ಇದರಾಗ ತಿದ್ದೂದು ಏನೂ ಇಲ್ಲ," ಎಂದಳು ದೀಪಾ. ವೀರಪ್ಪ ಗೊಣಗುತ್ತಲೇ ಒತ್ತಿದ. ಒತ್ತುಗಳು ತಮ್ಮ ತಮ್ಮ ಅಕ್ಷರದ ಕೆಳಗೆ ಬಂದು ನಿಂತವು. ಅಷ್ಟೂ ಫಾರ್ಮು ನೋಡಿ ಮುಗಿಸುವ ತನಕ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಭಾನುವಾರ ಮೂಡಲಗಿಯ ಸಭಾಭವನದಲ್ಲಿ ಸತ್ಯಪ್ಪನವರು ಪುಸ್ತಕದ ಮೊದಲ ಪುಟಗಳನ್ನು ಹಿಂದೆ ಮುಂದೆ ಮಗುಚಿದರು. ಮುನ್ನುಡಿ ಕಾಣಲಿಲ್ಲ. ಮುಖ ಕಪ್ಪಾಯಿತು. ಸಾತವ್ವ ತಾನು ಓದಬೇಕಿದ್ದ ಪುಟವನ್ನು ಓದಿ ಮುಗಿಸಿದಳು. ಚಪ್ಪಾಳೆ ಶುರುವಾಗುವಷ್ಟರಲ್ಲಿ ಅವರು ಮೈಕು ಎಳೆದುಕೊಂಡರು.

"ಛಲೋ ಓದಿದಳು. ಆದ್ರ ಒಂದ ಪಾನ ಬಾಯಿಪಾಠ ಮಾಡೂದೇನ ದೊಡ್ಡ ಮಾತಲ್ರಿ."

ಸಭೆಯ ಹಿಂದಿನಿಂದ ಯಾರೋ ಕಿಸಕ್ಕೆಂದರು. ದೀಪಾ ಕೂಗಲೆಂದು ಅರ್ಧ ಎದ್ದು ಮತ್ತೆ ಕೂತಳು. ಇಡೀ ಪುಸ್ತಕದಲ್ಲಿ ಎಲ್ಲಾದರೂ ಒಂದು ಸಾಲು ಇನ್ನೊಂದಕ್ಕೆ ತಾಗಿ ಉಳಿದಿದ್ದರೆ?

ಸಾತವ್ವ ಪುಸ್ತಕವನ್ನು ಸತ್ಯಪ್ಪನವರ ಮುಂದೆಯೇ ಹಿಡಿದಳು. "ನೀವ ತಗೀರಿ ಸಾವಕಾರ್ರ. ಎಲ್ಲಿ ಬೇಕಾದಲ್ಲಿ ತಗೀರಿ."

ಅವರು ನಡುವೆ ಹೆಬ್ಬೆರಳು ತೂರಿಸಿ ತೆರೆದರು. ಸಾತವ್ವ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಬೆರಳಿಟ್ಟು ಓದತೊಡಗಿದಳು. ಗಂಡ ಸತ್ತ ಮೂರನೆಯ ದಿನ ಕಳೆ ಕೀಳಲು ಹೋದದ್ದು, ಹೊಲದವರು 'ಶಾಸ್ತ್ರ ಮುಗಿಲಿ, ಆಮ್ಯಾಲ ಬಾ' ಎಂದು ಕೂಲಿ ಕೊಡದೆ ತಿರುಗಿಸಿ ಕಳಿಸಿದ್ದು. ಓದುತ್ತ ಓದುತ್ತ ದನಿ ಒಡೆಯಿತು. ಬೆರಳು ಸಾಲು ತಪ್ಪಲಿಲ್ಲ. ಪುಟ ಮುಗಿಯುವ ಹೊತ್ತಿಗೆ ಮುಂದೆ ಕೂತ ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು, ಸತ್ಯಪ್ಪನವರು ಚಪ್ಪಲಿ ನೋಡುತ್ತಿದ್ದರು.

ಸಾತವ್ವ ಪುಸ್ತಕವನ್ನು ಮತ್ತೆ ಅವರ ಮುಂದೆ ಚಾಚಿದಳು.

"ಇನ್ನೊಂದ ಪಾನ ತಗೀರಿ," ಎಂದಳು.