ಸಂಖ್ಯಾಶಾಸ್ತ್ರದ ಪಾರಾಯಣ

ಪುಸ್ತಕವನ್ನು ನಡುವೆ ಹಾರಿಸಿ ಓದಿದರೆ ಸರಸ್ವತಿ ಮುನಿಯುತ್ತಾಳೆ ಎಂದು ನನ್ನಪ್ಪ ಚಿಕ್ಕಂದಿನಲ್ಲೇ ನನ್ನ ತಲೆಗೆ ತುಂಬಿದ್ದರು. ಅದು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ವಾರಪತ್ರಿಕೆಯನ್ನು ಕೂಡ ನಾನು ಮುಖಪುಟದ ಒಳಗಿನ ಸೋಪಿನ ಜಾಹೀರಾತಿನಿಂದಲೇ ಶುರು ಮಾಡುತ್ತಿದ್ದೆ. ಈ ಒಳ್ಳೆಯ ಬುದ್ಧಿಯ ದೆಸೆಯಿಂದ ೧೯೭೪ರಲ್ಲಿ ನನ್ನ ನೌಕರಿ ಹೋಗುವುದರಲ್ಲಿತ್ತು.

ನಾನು ಆಗ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತೆ. ಜಿಲ್ಲೆಗಳಿಂದ ಬಂದ ಮಳೆ ಬೆಳೆಯ ಲೆಕ್ಕಗಳನ್ನು ಕೂಡಿ ಕಳೆದು ವರದಿಗೆ ಸೇರಿಸುವುದು ನನ್ನ ಕೆಲಸ. ಕಾಯಂ ಆಗಬೇಕಾದರೆ ಇಲಾಖೆಯ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆ ಪಾಸಾಗಬೇಕಿತ್ತು. ಒಂದು ಸಲ ಡುಮ್ಕಿ ಹೊಡೆದಾಗಿತ್ತು. ಎರಡನೆಯದೇ ಕೊನೆಯದು, ಆಮೇಲೆ ಮನೆಗೆ. ನನಗೆ ಸಂಬಳಕ್ಕಿಂತ ಆ ‘ಮನೆಗೆ’ ಎನ್ನುವ ಮಾತಿನದೇ ಭಯವಾಗಿತ್ತು. ಒಮ್ಮೆ ಒಳಗೆ ಹೋದರೆ ಮತ್ತೆ ಯಾರೂ ನನ್ನನ್ನು ಹೊರಗೆ ಕಳಿಸುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಕಚೇರಿಯ ಗಂಡಸರು ಸಂಜೆಯ ಟ್ಯೂಷನ್ನಿಗೆ ಹೋಗುತ್ತಿದ್ದರು. ಅದರ ಫೀಸು ನಮಗೆ ಎಟುಕುವಂತಿರಲಿಲ್ಲ, ಮನೆಯಲ್ಲಿ ಪುಟ್ಟ ಮಗಳೂ ಇದ್ದಳು. ಹಾಗಾಗಿ ಬಿಟ್ಟಿ ಸಿಕ್ಕಿದ್ದನ್ನೆಲ್ಲ ಒಟ್ಟುಮಾಡಿ ನನಗೆ ನಾನೇ ಮೇಷ್ಟರಾಗುವುದೆಂದು ತೀರ್ಮಾನಿಸಿದೆ. ಪರೀಕ್ಷೆಯ ಪ್ರಕಟಣೆಯಲ್ಲಿ ವಿಷಯಗಳ ಪಟ್ಟಿ ಇತ್ತು. ಕಚೇರಿಯ ಬೀರುವಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿದ್ದವು. ಯಾರೂ ಮುಟ್ಟದ ಹಳೆಯ ವರದಿಗಳು ಕಟ್ಟುಗಟ್ಟಲೆ ಬಿದ್ದಿದ್ದವು. ಪುಸ್ತಕಕ್ಕೆ ರಾಜಾಜಿನಗರದ ನಮ್ಮ ಬ್ಲಾಕಿನ ಲೈಬ್ರರಿ.

ಅಲ್ಲಿನ ಶಿವಬಸಪ್ಪನವರು ಸಂಖ್ಯಾಶಾಸ್ತ್ರದ ಎರಡು ಇಂಗ್ಲಿಷ್ ಪುಸ್ತಕ ತೆಗೆದುಕೊಟ್ಟರು. ಒಂದು ತೆಳ್ಳಗೆ, ಒಂದು ಇಟ್ಟಿಗೆಯಷ್ಟು ದಪ್ಪ. ದಪ್ಪ ಇದ್ದಷ್ಟೂ ಪುಣ್ಯ ಹೆಚ್ಚು ಎಂದು ನಾನು ದಪ್ಪದ್ದನ್ನೇ ಮನೆಗೆ ತಂದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮನೆಯ ಬಾಗಿಲಲ್ಲಿ ಒಂದೇ ಮಣೆಯ ಮೇಲೆ ಕೂತು, ಇಷ್ಟು ಪುಟ ಎಂದು ಗೊತ್ತುಮಾಡಿಕೊಂಡು ಓದತೊಡಗಿದೆ. ಪಕ್ಕದ ಮಣೆಯಲ್ಲಿ ನಮ್ಮತ್ತೆ ಕಮಲಾಕ್ಷಮ್ಮನವರ ರಾಮಾಯಣ ಪಾರಾಯಣ, ಇತ್ತ ನನ್ನದು. ನಮ್ಮ ಮನೆಯವರು, ಅಂದರೆ ಜಗನ್ನಾಥ, ಯಾರಿಗೆ ಮೊದಲು ಮಂಗಳಾರತಿ ಎಂದು ರೇಗಿಸಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದರು.

ಆ ದಪ್ಪ ಪುಸ್ತಕ ಶುರುವಾಗುವುದೇ ಸಂಭವನೀಯತೆಯಿಂದ. ನಾಣ್ಯ ಚಿಮ್ಮುವುದು ತಿಳಿಯಿತು, ದಾಳ ಉರುಳಿಸುವುದೂ ತಿಳಿಯಿತು. ಆಮೇಲೆ ಬಂತು ನೋಡಿ, ಇಸ್ಪೀಟು. ಚೆನ್ನಾಗಿ ಕಲಸಿದ ಒಂದು ಪ್ಯಾಕಿನಿಂದ ಒಂದು ಎಲೆ ತೆಗೆದರೆ ಅದು ಚಿತ್ರದ ಎಲೆಯಾಗಿರುವ ಸಂಭವ ಎಷ್ಟು? ಪುಸ್ತಕದ ಕೊನೆಯಲ್ಲಿ ಉತ್ತರವಿತ್ತು, ಹದಿಮೂರರಲ್ಲಿ ಮೂರು. ಹೇಗೆ ಎಂದು ಇರಲಿಲ್ಲ. ಪ್ಯಾಕಿನಲ್ಲಿ ಎಲೆಗಳೆಷ್ಟು, ಅವುಗಳಲ್ಲಿ ಚಿತ್ರ ಎಷ್ಟು ಎನ್ನುವುದು ಲೋಕಕ್ಕೆಲ್ಲ ಗೊತ್ತಿರುತ್ತದೆಂದು ಆ ಪುಣ್ಯಾತ್ಮ ನಂಬಿಕೊಂಡಿದ್ದ.

ನನಗೆ ಗೊತ್ತಿರಲಿಲ್ಲ. ಅಪ್ಪನ ಮನೆಯಲ್ಲಿ ಇಸ್ಪೀಟು ಎಂದರೆ ಮೈಲಿಗೆ. ಗಂಡನ ಮನೆಯಲ್ಲೋ, ಮಾವನವರು ಬದುಕಿದ್ದಾಗ ಆ ಹೆಸರನ್ನೂ ಎತ್ತುವಂತಿರಲಿಲ್ಲವಂತೆ. ಊಟದ ಹೊತ್ತಿನಲ್ಲಿ ಜಗನ್ನಾಥರನ್ನು ಕೇಳಿದರೆ ತಮಗೂ ತಿಳಿಯದೆಂದರು. ಅತ್ತೆ ಹುಳಿ ಬಡಿಸುತ್ತಿದ್ದವರು ಸೌಟು ಕುಕ್ಕಿ, ಆ ಹಾಳು ಸುದ್ದಿ ಈ ಮನೆಯಲ್ಲಿ ಬೇಡವೆಂದರು. ಲೈಬ್ರರಿಯಲ್ಲಿ ಶಿವಬಸಪ್ಪನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಯಾಕಮ್ಮಾ, ಮನೆಯಲ್ಲಿ ಯಾರಾದರೂ ಆಡಲು ಶುರು ಮಾಡಿದ್ದಾರೆಯೇ ಎಂದು ಮರುಕದಿಂದ ವಿಚಾರಿಸಿದರು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಬುದ್ಧಿಯಿದ್ದವರಾದರೆ ಆ ಲೆಕ್ಕವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ನಾನು ಹೋಗಲಿಲ್ಲ. ಬೆಳಗಾದರೆ ಅದೇ ಮಣೆ, ಅದೇ ಪುಟ. ವಾರಗಳು ಕಳೆದವು, ಪರೀಕ್ಷೆ ಯುಗಾದಿ ಕಳೆದ ಕೂಡಲೇ ಇತ್ತು. ಒಂದು ಬೆಳಿಗ್ಗೆ ಸಿಟ್ಟು ನೆತ್ತಿಗೇರಿ ಪುಸ್ತಕವನ್ನು ಪಟಾರನೆ ಮುಚ್ಚಿದೆ. ಆಮೇಲೆ ಅದಕ್ಕೆ ಕೈಮುಗಿದು ಅತ್ತುಬಿಟ್ಟೆ.

ಅತ್ತೆ ಪಾರಾಯಣ ನಿಲ್ಲಿಸಿ ಏನೆಂದು ಕೇಳಿದರು. ನಾನು ಹೇಳಿದೆ. ಒಂದು ಲೆಕ್ಕಕ್ಕೆ ಸಿಕ್ಕಿಕೊಂಡಿದ್ದೇನೆ, ಅದು ಮುಗಿಯದೆ ಮುಂದಿನದು ಓದುವಂತಿಲ್ಲ, ಮುಂದಿನದು ಓದದೆ ಪಾಸಾಗುವಂತಿಲ್ಲ, ಪಾಸಾಗದಿದ್ದರೆ ನೌಕರಿ ಇಲ್ಲ ಎಂದೆ.

“ಓದೋ ಹಾಗಿಲ್ಲ ಅಂತ ಯಾರು ಹೇಳಿದ್ದು?” ಎಂದರು.

“ಪಾರಾಯಣದಲ್ಲಿ ನೀವು ಹಾರಿಸ್ತೀರಾ ಅತ್ತೆ?”

ಅವರು ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ನನ್ನನ್ನು ದಿಟ್ಟಿಸಿದರು. “ಪುರಸೊತ್ತಿದ್ದಾಗ ಮೊದಲಿಂದ ಓದೋದು ಕಣೇ ಪಂಕಜಾ. ಕಷ್ಟ ಬಂದಾಗ ಯಾರು ಮೊದಲನೇ ಕಾಂಡದಿಂದ ಶುರು ಮಾಡ್ತಾರೆ? ಆ ಕಷ್ಟಕ್ಕೆ ಯಾವ ಕಾಂಡ ಬೇಕೋ ಅದನ್ನ ಓದ್ತಾರೆ. ನಿಂಗೆ ಬಂದಿರೋದು ಪುರಸೊತ್ತಾ, ಕಷ್ಟಾನಾ?”

ಇಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಜೊತೆಗೆ ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು.

ಆ ಭಾನುವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ನಡುಮನೆಯ ತುಂಬ ಹರವಿದೆ. ತೀರ ಈಚಿನದೊಂದನ್ನು ಮಾತ್ರ ನೋಡದೆ ಮಡಿಸಿ ಎತ್ತಿಟ್ಟೆ, ಕೊನೆಯಲ್ಲಿ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳಲು. ಎಂಟು ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರಿಸಬೇಕು. ಒಂದೊಂದು ಪ್ರಶ್ನೆಯ ಪಕ್ಕದಲ್ಲೂ ಅದನ್ನು ಬಿಡಿಸಲು ಏನೇನು ತಿಳಿದಿರಬೇಕೆಂದು ಪೆನ್ಸಿಲಿನಲ್ಲಿ ಬರೆದೆ. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಬೆಲೆಗಳ ಸೂಚ್ಯಂಕ, ಇವು ಎಲ್ಲ ವರ್ಷವೂ ಇದ್ದವು. ನನ್ನನ್ನು ವಾರಗಟ್ಟಲೆ ಅಳಿಸಿದ ಸಂಭವನೀಯತೆಗೆ ಪ್ರತಿವರ್ಷ ಒಂದೇ ಪ್ರಶ್ನೆ, ಬೇಡವಾದರೆ ಬಿಡಬಹುದಾದ್ದು.

ಆಮೇಲೆ ಯಾವುದಕ್ಕೆ ಯಾವುದು ಆಧಾರ ಎಂದು ನೋಡಿದೆ. ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ಹೇಳುವ ಸಹಸಂಬಂಧಕ್ಕೆ ಮಾನಕ ವಿಚಲನೆ ಬೇಕು. ಅಂಕಿಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆಗೆ ಸರಾಸರಿ ಬೇಕು. ಸೂಚ್ಯಂಕಕ್ಕೆ ಸರಾಸರಿ ಮತ್ತು ತಾಳ್ಮೆ ಸಾಕು. ಹೀಗೆ ತಳದಿಂದ ಮೇಲಕ್ಕೆ ಹೊಸ ಕ್ರಮ ಹಾಕಿದೆ. ಪುಸ್ತಕ ಮುಚ್ಚಿಟ್ಟು ಹಳೆಯ ಪತ್ರಿಕೆಯ ಲೆಕ್ಕವೊಂದನ್ನು ಬಿಡಿಸುವ ತನಕ ಯಾವ ವಿಷಯವೂ ಮುಗಿದಂತಲ್ಲ ಎಂಬ ಕಟ್ಟಳೆಯನ್ನೂ ಮಾಡಿಕೊಂಡೆ. ಓದುವಾಗ ಎಲ್ಲ ತಿಳಿದಂತೆಯೇ ಇರುತ್ತದೆ, ಪೆನ್ಸಿಲು ಹಿಡಿದಾಗಲೇ ಬಂಡವಾಳ ಬಯಲಾಗುವುದು.

ದಪ್ಪ ಪುಸ್ತಕ ಹಿಂದಿರುಗಿಸಿ ತೆಳ್ಳನೆಯದನ್ನು ತಂದೆ. ದಪ್ಪದ್ದು ಬೇಕಾದಾಗ ಲೈಬ್ರರಿಯ ಬೆಂಚಿನಲ್ಲೇ ನೋಡುತ್ತಿದ್ದೆ. ಅಭ್ಯಾಸಕ್ಕೆ ಕಚೇರಿಯ ಹಳೆಯ ವರದಿಗಳಿದ್ದವು. ಮಳೆಯ ಅಂಕಿಗಳಿಂದ ನಾನು ತೆಗೆದ ಸರಾಸರಿ, ಅಚ್ಚಾದ ಸರಾಸರಿಗೆ ದಶಾಂಶದವರೆಗೆ ಕೂಡಿಬಂದ ದಿನ ನನಗೆ ಹಬ್ಬವಾಗಿತ್ತು.

ಮಾನಕ ವಿಚಲನೆಯಲ್ಲಿ ಮತ್ತೆ ಎಡವಿದೆ. ಒಂದೇ ಲೆಕ್ಕಕ್ಕೆ ಎರಡು ಪುಸ್ತಕಗಳ ದಾರಿಯಲ್ಲಿ ಎರಡು ಉತ್ತರ ಬರುತ್ತಿತ್ತು. ಕೇಳೋಣವೆಂದರೆ ಮೇಷ್ಟರು ನಾನೇ. ದೊಡ್ಡ ಅಂಕಿಗಳನ್ನು ಬದಿಗಿಟ್ಟು ಎರಡು, ನಾಲ್ಕು, ಆರು ಎಂಬ ಮೂರು ಪುಟ್ಟ ಅಂಕಿ ತೆಗೆದುಕೊಂಡೆ. ಸರಾಸರಿ ನಾಲ್ಕು. ಅಲ್ಲಿಂದ ಅಂತರಗಳ ವರ್ಗ ನಾಲ್ಕು, ಸೊನ್ನೆ, ನಾಲ್ಕು, ಒಟ್ಟು ಎಂಟು. ತೆಳ್ಳನೆಯ ಪುಸ್ತಕ ಎಂಟನ್ನು ಮೂರರಿಂದ ಭಾಗಿಸಿ ವರ್ಗಮೂಲ ತೆಗೆಯುತ್ತಿತ್ತು, ೧.೬೩. ದಪ್ಪದ್ದು ಎರಡರಿಂದ ಭಾಗಿಸುತ್ತಿತ್ತು, ಸರಿಯಾಗಿ ಎರಡು. ಅಂತೂ ಜಗಳವಿದ್ದದ್ದು ಭಾಗಿಸುವ ಜಾಗದಲ್ಲಿ ಮಾತ್ರ.

ದಪ್ಪ ಪುಸ್ತಕದಲ್ಲಿ ಎರಡು ಪುಟ ಹಿಂದೆ ಹೋದರೆ ಕಾರಣ ಅಲ್ಲೇ ಇತ್ತು, ನಾನು ಹಾರಿಸಿದ್ದ ವಾಕ್ಯದಲ್ಲಿ. ಇದ್ದ ಅಂಕಿಗಳೇ ಪೂರ್ತಿ ಲೋಕವಾದರೆ ಎಷ್ಟಿವೆಯೋ ಅಷ್ಟರಿಂದ ಭಾಗಿಸಬೇಕು. ದೊಡ್ಡ ರಾಶಿಯಿಂದ ತೆಗೆದ ಮಾದರಿಯಾಗಿದ್ದು, ಅದರಿಂದ ರಾಶಿಯನ್ನು ಅಂದಾಜು ಮಾಡುವುದಾದರೆ ಒಂದು ಕಡಿಮೆಯಿಂದ. ಯಾಕೆಂದರೆ ಮಾದರಿಯನ್ನು ಅದರದೇ ಸರಾಸರಿಯಿಂದ ಅಳೆದರೆ ಅಂತರಗಳು ಇರಬೇಕಾದ್ದಕ್ಕಿಂತ ಚಿಕ್ಕವಾಗಿಯೇ ಬರುತ್ತವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅದನ್ನು ನೆನಪಿಟ್ಟುಕೊಂಡೆ. ಅಧ್ಯಾಯ ಹಾರಿಸಬಹುದು, ಓದುವ ಅಧ್ಯಾಯದ ಮೊದಲ ಮಾತನ್ನು ಹಾರಿಸಬಾರದು. ಅಪ್ಪನಿಗೆ ಅಷ್ಟು ಮರ್ಯಾದೆ ಉಳಿಯಿತು.

ಯುಗಾದಿಯ ಒಬ್ಬಟ್ಟು ತಿಂದ ಮಾರನೆಯ ದಿನ, ಎತ್ತಿಟ್ಟಿದ್ದ ಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಬರೆದೆ. ಮಗಳನ್ನು ಅತ್ತೆ ವಠಾರದ ಪಂಪಿನ ಹತ್ತಿರ ಆಡಿಸುತ್ತಿದ್ದರು. ಐದೂ ಮುಗಿಯಿತು. ಒಂದರಲ್ಲಿ ಕೂಡುವ ತಪ್ಪಿತ್ತು, ಆದರೆ ದಾರಿ ಎಲ್ಲದರಲ್ಲೂ ಸರಿಯಿತ್ತು.

ನಿಜವಾದ ಪರೀಕ್ಷೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ ಇಸ್ಪೀಟಿನ ಎಲೆ. ನಿನಗೂ ಒಂದು ಕಾಲ ಬರುತ್ತದೆ ಎಂದು ಮನಸ್ಸಿನಲ್ಲೇ ಹೇಳಿ ಮುಂದಕ್ಕೆ ಹೋದೆ. ಮೂರನೆಯ ಪ್ರಶ್ನೆಯಲ್ಲಿ ಮಾದರಿಗೆ ತೆಗೆದ ಹತ್ತು ಗದ್ದೆಗಳ ಇಳುವರಿ ಕೊಟ್ಟು, ಇಡೀ ತಾಲ್ಲೂಕಿನ ಮಾನಕ ವಿಚಲನೆಯನ್ನು ಅಂದಾಜು ಮಾಡಲು ಕೇಳಿದ್ದರು. ಹೆಗ್ಗಣ ನೆನಪಾಯಿತು. ಒಂಬತ್ತರಿಂದ ಭಾಗಿಸಿದೆ.

ಫಲಿತಾಂಶವನ್ನು ಕಚೇರಿಯ ಹಲಗೆಗೆ ಅಂಟಿಸಿದ್ದರು. ನನ್ನ ಹೆಸರನ್ನು ನಾನು ಮೊದಲು ಬೆರಳಿಟ್ಟು ಓದಿದೆ, ಆಮೇಲೆ ಬೆರಳು ತೆಗೆದು ಓದಿದೆ. ಎರಡು ಸಲವೂ ಅದು ಅಲ್ಲೇ ಇತ್ತು. ಬಸ್ಸಿನಲ್ಲಿ ನಿಂತೇ ಬಂದೆ, ಆದರೂ ಅಷ್ಟು ಹಗುರವಾಗಿ ನಾನು ಯಾವತ್ತೂ ಬಂದಿರಲಿಲ್ಲ. ಇನ್ನು ನನ್ನನ್ನು ಯಾರೂ ಮನೆಗೆ ಕಳಿಸುವಂತಿಲ್ಲ ಎನ್ನುವುದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದೆ.

ಅತ್ತೆ ದೇವರಿಗೆ ದೀಪ ಹಚ್ಚಿದರು, ನನ್ನ ಬಾಯಿಗೆ ಸಕ್ಕರೆ ಹಾಕಿದರು. ಜಗನ್ನಾಥರು ಇನ್ನೂ ಫ್ಯಾಕ್ಟರಿಯಿಂದ ಬಂದಿರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಅತ್ತೆ ತಮ್ಮ ಟ್ರಂಕಿನ ಮುಚ್ಚಳ ತೆಗೆದರು. ಮದುವೆಯ ಸೀರೆಯ ಅಡಿಯಿಂದ ಬಟ್ಟೆಯ ಗಂಟೊಂದು ಬಂತು. ಬಿಚ್ಚಿದರೆ ಅಂಚು ಸವೆದ ಇಸ್ಪೀಟು ಎಲೆಗಳು.

ಅವರು ಮಣೆಯ ಮೇಲೆ ಕೂತು ಎಲೆಗಳನ್ನು ಎರಡು ಪಾಲು ಮಾಡಿ ಸರ್ರನೆ ಕಲಸಿದರು. ಪಾರಾಯಣದ ಪುಟ ತಿರುವುವ ಬೆರಳುಗಳೇ ಅವು ಎಂದು ನಂಬುವುದು ಕಷ್ಟವಾಗಿತ್ತು.

“ನಮ್ಮಣ್ಣ ಕಲಿಸಿದ್ದ. ತೌರುಮನೇಲಿ ನನ್ನ ಗೆದ್ದೋರಿಲ್ಲ,” ಎಂದರು. “ಈ ಮನೆಗೆ ಬಂದ ದಿನ ಒಳಗಿಟ್ಟೆ. ಆಮೇಲೆ ತೆಗೀಲೇ ಇಲ್ಲ.”

ಹಾಗಾದರೆ ಅವತ್ತು ಊಟದ ಹೊತ್ತಿನಲ್ಲಿ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಮಗನ ಮುಂದೆ ಹೇಗೆ ಹೇಳುವುದು ಎಂದರು. ಆಮೇಲೆ ತಲೆ ಎತ್ತದೆ, ನಿನ್ನನ್ನೂ ಒಳಗಿಟ್ಟುಬಿಡುತ್ತಾರೋ ಎಂದು ನನಗೆ ನಿನಗಿಂತ ಹೆಚ್ಚು ಭಯವಿತ್ತು ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಅದನ್ನು ಬಿಡಿಸಿಕೊಂಡು, ಎಲೆಗಳನ್ನು ನೆಲದ ಮೇಲೆ ನಾಲ್ಕು ಸಾಲಾಗಿ ಹರಡತೊಡಗಿದರು. ಇಸ್ಪೀಟು, ಆಟೀನು, ಡೈಮನ್, ಕಳಾವರ್. ಒಂದೊಂದು ಸಾಲಿನಲ್ಲಿ ಹದಿಮೂರು ಎಲೆ, ಅದರಲ್ಲಿ ರಾಜ, ರಾಣಿ, ಗುಲಾಮ ಎಂದು ಮೂರು ಚಿತ್ರ.

ಹದಿಮೂರರಲ್ಲಿ ಮೂರು. ನನಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

“ಈಗ ಪುರಸೊತ್ತಿದೆಯಲ್ಲ,” ಎಂದರು ಅತ್ತೆ. “ಕೂತ್ಕೋ. ಮೊದಲನೇ ಕಾಂಡದಿಂದ ಶುರು ಮಾಡೋಣ.”