ದೊಡ್ಡ ನಂಬರಿನ ಅಟ್ಟೆ

ಅಣ್ಣಾಸಾಬರ ಲೆಕ್ಕದಲ್ಲಿ ನಂಬರ್ ದೊಡ್ಡದಿದ್ದಷ್ಟೂ ಮಾಲು ಒಳ್ಳೆಯದು. ಅವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ, ನಮ್ಮ ಕಡೆ ಎಲ್ಲರೂ ಹಾಗೇ. ಡೇರಿಯಲ್ಲಿ ಹಾಲಿನ ಫ್ಯಾಟ್ ಏರಿದರೆ ದರ ಏರುತ್ತದೆ, ಕಾರ್ಖಾನೆಯಲ್ಲಿ ಕಬ್ಬಿನ ರಿಕವರಿ, ಅಂದರೆ ಸಕ್ಕರೆ ಇಳುವರಿ, ಏರಿದರೆ ಎಲ್ಲರ ಮುಖ ಅರಳುತ್ತದೆ. ಹೀಗಾಗಿ ನನ್ನ ಅಂಗಡಿಯ ಗೋಡೆಯ ಮೇಲೆ ನೇತುಹಾಕಿದ್ದ ಮೂರು ಪ್ಲಾಸ್ಟಿಕ್ ಮಾದರಿ ತುಂಡುಗಳಲ್ಲಿ ಬಂದವರೆಲ್ಲ ಮೊದಲು ತೊಂಬತ್ತೈದಕ್ಕೇ ಕೈ ಹಾಕುತ್ತಿದ್ದರು. ಆ ನಂಬರ್ ಗುಣದ್ದಲ್ಲ, ಗಡಸುತನದ್ದು ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಎಪ್ಪತ್ತೈದು ಬೆರಳಿಟ್ಟರೆ ತಗ್ಗುತ್ತದೆ, ಎಂಬತ್ತೈದು ಒತ್ತಿದರೆ ತಗ್ಗುತ್ತದೆ. ತೊಂಬತ್ತೈದು ಬಾಗುತ್ತದೆ, ಆದರೆ ತಗ್ಗುವುದಿಲ್ಲ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದು ಒಂದೇ ಅಂಗಡಿ. ಮುಂದಿನ ಭಾಗದಲ್ಲಿ ನನ್ನ ಅಣ್ಣ, ಸಮಾಧಾನ ಅಂತ ಅವನ ಹೆಸರು, ಮೊಬೈಲ್ ರಿಪೇರಿ ಮಾಡುತ್ತಾನೆ. ಹಿಂದಿನ ಖೋಲಿಯಲ್ಲಿ, ಎರಡು ಸಾವಿರದ ಹದಿನೇಳರಲ್ಲಿ ಕೊಂಡ ನನ್ನ ತ್ರೀಡಿ ಪ್ರಿಂಟರ್. ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರ ಕೂಡಿಸಿ, ಬೇಕಾದ ಆಕಾರ ಮಾಡುತ್ತದೆ. ಅಣ್ಣನ ಗಿರಾಕಿಗಳ ಮೊಬೈಲ್ ಕವರಿಗೆ ತೊಂಬತ್ತೈದೇ ಸರಿ. ಅದಕ್ಕಿಂತ ಮೆತ್ತಗಿದ್ದರೆ ಮೂಲೆ ಹಿಗ್ಗಿ ಕವರು ಕಳಚಿಕೊಳ್ಳುತ್ತದೆ, ಕಿಸೆಯಿಂದ ತೆಗೆಯುವಾಗ ಬಟ್ಟೆ ಹಿಡಿದುಕೊಳ್ಳುತ್ತದೆ.

ಸೋರದಂತೆ ಮುಚ್ಚಳದಡಿ ಕೂರಿಸುವ ಗ್ಯಾಸ್ಕೆಟ್ಟಿನ ಮಾತು ಬೇರೆ. ದ್ರಾಕ್ಷಿ ತೋಟದ ವಿರುಪಾಕ್ಷಪ್ಪನವರ ಸ್ಪ್ರೇ ಪಂಪಿನ ಮುಚ್ಚಳಕ್ಕೆ ನಾನೂ ಮೊದಲು ತೊಂಬತ್ತೈದರಲ್ಲೇ ಮಾಡಿ ಕೊಟ್ಟಿದ್ದೆ. ಕೈಯಿಂದ ತಿರುವುವ ಮುಚ್ಚಳ ಅದನ್ನು ಅದುಮಲಾರದೆ ಔಷಧವೆಲ್ಲ ಅವರ ಬೆನ್ನ ಮೇಲೆ ಸೋರಿತು. ಎಂಬತ್ತೈದರಲ್ಲಿ, ಒಳಗೆ ಎಳ್ಳಷ್ಟೂ ಟೊಳ್ಳಿಲ್ಲದಂತೆ ಮಾಡಿದ ಮೇಲೆ ಹನಿಯೂ ಬೀಳಲಿಲ್ಲ. ಬೈಸಿಕೊಂಡು ಕಲಿತ ವಿದ್ಯೆ ಇದು.

ಇಷ್ಟು ಕಲಿತವಳ ಅಂಗಡಿಯಿಂದಲೇ ತುಳಸವ್ವನ ಕಾಲಿಗೆ ಹಾಗಾಯಿತಲ್ಲ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ತುಳಸವ್ವ ಅಲಖನೂರಿನವಳು. ಕಬ್ಬಿನ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ಅವಳ ಅಂಗಾಲಿನ ಅರಿವನ್ನೇ ತಿಂದುಹಾಕಿತ್ತು. ಹೆಬ್ಬೆರಳ ಬುಡದಲ್ಲಿ ಆಗಿದ್ದ ಒಂದು ಹುಣ್ಣು ಮಾಯಲು ಐದು ತಿಂಗಳು ಹಿಡಿದಿತ್ತು. ಮತ್ತೊಮ್ಮೆ ಆದರೆ ಬೆರಳು ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಅವರೇ ಅಂಥ ಆರು ಹೆಂಗಸರ ಪಾದದ ಅಳತೆ ಬರೆದು, ಚಪ್ಪಲಿಯೊಳಗೆ ಹಾಕುವ ಅಟ್ಟೆ, ಅಂದರೆ ಇನ್‌ಸೋಲ್ ಮಾಡಲು ನನ್ನ ಹತ್ತಿರ ಕಳಿಸಿದರು. ಭಾರ ಒಂದೇ ಕಡೆ ಬೀಳದೆ ಇಡೀ ಅಂಗಾಲಿಗೆ ಹಂಚಿಹೋಗಬೇಕು, ಹಳೆ ಹುಣ್ಣಿನ ಜಾಗ ಇನ್ನೂ ಮೆತ್ತಗಿರಬೇಕು ಎಂದು ಒತ್ತಿ ಹೇಳಿದ್ದರು. ಖರ್ಚು ಒಂದು ಸಮಾಜಸೇವಾ ಟ್ರಸ್ಟಿನದು. ಅದರ ಕಾರ್ಯದರ್ಶಿಯೇ ಅಣ್ಣಾಸಾಬರು.

ಮೊದಲ ಜೋಡಿ ತುಳಸವ್ವನದು. ಎಂಬತ್ತೈದರ ಎಳೆ ಹಾಕಿದೆ. ಒಳಗೆ ಪೂರ್ತಿ ತುಂಬದೆ ನೂರಕ್ಕೆ ಹದಿನೈದು ಭಾಗ ಮಾತ್ರ ಜಾಲರಿಯಂತೆ ತುಂಬಿಸಿ ಉಳಿದದ್ದು ಟೊಳ್ಳು ಬಿಟ್ಟೆ, ಹುಣ್ಣಿನ ಜಾಗದಲ್ಲಿ ಅದಕ್ಕಿಂತ ಕಡಿಮೆ. ಮೆತ್ತಗಿನ ಎಳೆಯನ್ನು ಪ್ರಿಂಟರಿಗೆ ಅವಸರದಿಂದ ಉಣಿಸಿದರೆ ಎಳೆ ತಳ್ಳುವ ಗಾಲಿಯ ಹತ್ತಿರವೇ ಮಡಚಿಕೊಂಡು ನಿಂತುಬಿಡುತ್ತದೆ, ಆದ್ದರಿಂದ ನಿಧಾನಕ್ಕೆ ಮಾಡಿದೆ. ತುಳಸವ್ವ ಅದನ್ನು ಹಾಕಿಕೊಂಡು ಅಂಗಡಿಯ ಮುಂದೆ ಅರ್ಧ ಗಂಟೆ ನಡೆದಳು. ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿದೆ. ಎಲ್ಲೂ ಕೆಂಪಾಗಿರಲಿಲ್ಲ. ಆರೂ ಜನರಿಗೆ ಒಂದೇ ದಿನ ಕೊಡುವ ಕಾರ್ಯಕ್ರಮವಿದೆ ಎಂದು ಅಣ್ಣಾಸಾಬರು ಹೇಳಿದ್ದರಿಂದ ಆ ಜೋಡಿಯನ್ನು ಮಾದರಿಯಾಗಿ ಇಟ್ಟು, ಉಳಿದದ್ದನ್ನು ಅಣ್ಣನಿಗೆ ಒಪ್ಪಿಸಿ, ತಂಗಿಯ ಬಾಣಂತನಕ್ಕೆಂದು ಎಂಟು ದಿನ ಸತ್ತಿ ಊರಿಗೆ ಹೋದೆ. ನಂಬರ್ ಬದಲಿಸಬೇಡ ಎಂದು ಅಣ್ಣನಿಗೆ ಒಂದು ಚೀಟಿ ಬರೆದಿಡಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ತಿರುಗಿ ಬರುವಷ್ಟರಲ್ಲಿ ಆರೂ ಜೋಡಿ ಹಂಚಿ ಆಗಿತ್ತು. ಹಾರ, ಫೋಟೋ, ಭಾಷಣ ಎಲ್ಲ ಮುಗಿದಿತ್ತು. ನನ್ನ ಮಾದರಿ ಮಾತ್ರ ಮೇಜಿನ ಮೇಲೇ ಬಿದ್ದಿತ್ತು. ಅಣ್ಣನನ್ನು ಕೇಳಿದೆ. ಅಣ್ಣಾಸಾಬರು ಬಂದು ಮಾದರಿಯನ್ನು ಹಿಚುಕಿ ನೋಡಿ, ಬಡವರಿಗೆ ಅಂತ ಎರಡನೇ ನಂಬರಿನ ಮಾಲು ಕೊಡುತ್ತೀರಾ ಎಂದು ಕೂಗಾಡಿದರಂತೆ. ಒಳಗಿನ ಜಾಲರಿ ಕಂಡು, ಟೊಳ್ಳು ಮಾಡಿ ಮಾಲು ಉಳಿಸಿದ್ದಾಳೆ ಎಂದರಂತೆ. ತಮ್ಮ ಫೋನಿನ ಕವರು ತೋರಿಸಿ, ಇದೇ ತೊಂಬತ್ತೈದರಲ್ಲಿ ತುಂಬಾ ಗಟ್ಟಿಯಾಗಿ ಮಾಡು ಎಂದರಂತೆ. ಅಣ್ಣ ನಾಲ್ಕು ದಿನ ಹಗಲು ರಾತ್ರಿ ಪ್ರಿಂಟರ್ ಓಡಿಸಿ ಮಾಡಿಕೊಟ್ಟಿದ್ದ.

"ಕವರಿಗಿ ಚಲೋ ಇದ್ದದ್ದು ಕಾಲಿಗಿ ಯಾಕ ಆಗಬಾರದು ಅಂದ್ಕೊಂಡ್ನಿ ನೀಲಮ," ಎಂದ ಅವನು, ತಲೆ ತಗ್ಗಿಸಿ.

ಜಗಳಾಡಲು ಸಮಯವಿರಲಿಲ್ಲ. ಮಾದರಿಯ ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ಅಲಖನೂರಿಗೆ ಹೋದೆ.

ತುಳಸವ್ವ ಹೊಲದ ಬದುವಿನ ಮೇಲೆ ರೊಟ್ಟಿ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಹಿಗ್ಗಿತು. ಮೂರು ದಿನದಿಂದ ಅದೇ ಚಪ್ಪಲಿಯಲ್ಲೇ ಕೆಲಸ ಮಾಡುತ್ತಿದ್ದಾಳಂತೆ.

"ಬಾಳ ಚಲೋ ಅದಾವ ಬೇ. ಹಾಕ್ಕೊಂಡಿದ್ದ ಸುದ್ದಾ ಗೊತ್ತಾಗೂದಿಲ್ಲ," ಎಂದಳು.

ಅವಳ ಕಾಲಿಗೆ ಏನೂ ಗೊತ್ತಾಗುವುದೇ ಇಲ್ಲವಲ್ಲ. ಚಪ್ಪಲಿ ಬಿಚ್ಚಿಸಿದೆ. ಹೆಬ್ಬೆರಳ ಬುಡ ಬರುವಲ್ಲಿ ಇನ್‌ಸೋಲ್ ಒದ್ದೆಯಾಗಿ ಕೆಂಪಾಗಿತ್ತು. ಹಳೆಯ ಹುಣ್ಣಿನ ಜಾಗದಲ್ಲಿ ಚರ್ಮ ಸುಲಿದಿತ್ತು. ಅವಳು ಬಗ್ಗಿ ನೋಡಿ, ಇದೆಲ್ಲಿಂದ ಬಂತು ಎಂದು ನನ್ನನ್ನೇ ಕೇಳಿದಳು.

ಅಲ್ಲಿಂದಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪಟ್ಟಿ ಕಟ್ಟಿದರು. ಎರಡು ತಿಂಗಳು ಆ ಕಾಲು ಊರಬಾರದು, ಬೆರಳಿನ ಮಾತು ಈಗಲೇ ಹೇಳಲಾಗದು ಎಂದರು. ಸಂಜೆಯೊಳಗೆ ಉಳಿದ ಐವರ ಮನೆಗೂ ಹೋಗಿ ಅವುಗಳನ್ನು ಕಿತ್ತುಕೊಂಡು ಬಂದೆ. ಪುಣ್ಯಕ್ಕೆ ಅವರೆಲ್ಲ ಹೊಸದು ಹಾಳಾದೀತೆಂದು ಹಾಕಿಕೊಳ್ಳದೆ ಗೂಡಿನಲ್ಲಿಟ್ಟಿದ್ದರು.

ಮರುದಿನ ಟ್ರಸ್ಟಿನ ಆಫೀಸಿಗೆ ಹೋಗಿ, ಅವುಗಳಲ್ಲಿ ಒಂದು ದೊಡ್ಡ ಅಳತೆಯ ಜೋಡಿಯನ್ನು ಅಣ್ಣಾಸಾಬರ ಮುಂದಿಟ್ಟು, ನಿಮ್ಮ ಬೂಟಿನಲ್ಲಿ ಹಾಕಿಕೊಂಡು ನಡೆಯಿರಿ ಎಂದೆ. ನಗುತ್ತಲೇ ಹಾಕಿಕೊಂಡರು. ಬೀದಿ ಕೊನೆಯ ಕಟ್ಟೆಯ ತನಕ ಹೋಗಿ ಬರುವಷ್ಟರಲ್ಲಿ ಕುಂಟುತ್ತಿದ್ದರು. ಕುಳಿತು ಬೂಟು ಕಳಚಿ ಅಂಗಾಲು ತಿಕ್ಕಿಕೊಂಡು, ಒತ್ತುತ್ತದೆ ಎಂದರು.

"ನಿಮಗ ಹೇಳಾಕ ನಿಮ್ಮ ಕಾಲ ಅದಾವ್ರಿ. ಆಕಿಗಿ ಯಾರ ಹೇಳ್ಬೇಕು?" ಎಂದೆ.

ಅವರು ಆ ಜೋಡಿಯನ್ನು ಕಿತ್ತು ಮೇಜಿನ ಮೇಲಿಟ್ಟು ಬೂಟು ಹಾಕಿಕೊಂಡರು. ಆಮೇಲೆ, ಪೇಪರಿನಲ್ಲಿ ಫೋಟೋ ಬಂದಾಗಿದೆ, ಈಗ ಇದನ್ನು ಎತ್ತಿ ಆಡಬೇಡ ಎಂದರು. ಎಷ್ಟೇ ಒಳ್ಳೆಯ ಮಾಲು ಕೊಟ್ಟರೂ ಆ ಹೆಂಗಸು ಮಿತಿಯಿಲ್ಲದೆ ನಡೆದರೆ ಟ್ರಸ್ಟು ಏನು ಮಾಡಬೇಕು ಎಂದರು. ನಾನು ಆ ಜೋಡಿಯನ್ನು ಎತ್ತಿಕೊಂಡು ಹೊರಗೆ ಬಂದೆ. ಆ ಹೆಂಗಸು ನಡೆಯದಿದ್ದರೆ ಅವಳ ಒಲೆ ಉರಿಯುವುದು ಹೇಗೆ ಎಂದಾದರೂ ಕೇಳಬೇಕಿತ್ತು.

ಭಾನುವಾರ ತುಳಸವ್ವನ ಮನೆಗೆ ಹೋದೆ. ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದಳು. ನನಗಿಂತ ಮೊದಲೇ ಟ್ರಸ್ಟಿನವರು ಬಂದು ಒಂದು ಡಜನ್ ಬಾಳೆಹಣ್ಣು ಕೊಟ್ಟು ಹೋಗಿದ್ದರು.

"ನಂದ ತಪ್ಪ ಬಿಡ ಬೇ," ಎಂದಳು. "ಸಾಹೇಬ್ರು ಚಲೋದ ಕೊಟ್ಟಿದ್ರು. ನಾನ ಬಾಳ ನಡದ್ನಿ."

ಚೀಲದಿಂದ ನನ್ನ ಮಾದರಿಯನ್ನೂ ಅವರು ಕೊಟ್ಟದ್ದನ್ನೂ ತೆಗೆದು ಅವಳ ಎರಡು ಕೈಗೆ ಕೊಟ್ಟು, ಹೆಬ್ಬೆರಳಿನಿಂದ ಒತ್ತಿ ನೋಡು ಎಂದೆ. ಅವಳ ಕಾಲಿಗಷ್ಟೇ ಅರಿವಿಲ್ಲ. ದಿನವಿಡೀ ಹುಲ್ಲು ಕೀಳುವ ಆ ಬೆರಳುಗಳಿಗೆ ಎಲ್ಲ ಗೊತ್ತಾಗುತ್ತದೆ. ಒಂದನ್ನು ಒತ್ತಿದಳು. ಇನ್ನೊಂದನ್ನು ಒತ್ತಿದಳು. ಮತ್ತೆ ಮೊದಲಿನದನ್ನು ಒತ್ತಿದಳು.

"ಇದ ನೀ ಅವತ್ತ ಹಾಕ್ಸಿ ನಡೆಸಿದ್ದಲ್ಲೇನ?"

ಹೌದು ಎಂದೆ.

"ಇದನ್ನ ಬಿಟ್ಟ ಈ ಹಲಗಿ ಕೊಟ್ರೇನ ನನಗ?"

ತುಳಸವ್ವ ಬಾಳೆಹಣ್ಣನ್ನು ದೂರ ತಳ್ಳಿ, ಗೋಡೆ ಹಿಡಿದು ಎದ್ದು ಕುಳಿತಳು. ಅಲ್ಲಿಯ ತನಕ ಸಾಹೇಬರು ಎನ್ನುತ್ತಿದ್ದವಳು, "ಆ ಅಣ್ಣಾಸಾಬಗ ಬರಾಕ ಹೇಳ," ಎಂದಳು. "ಈ ಕಾಲ ನೋಡಿ ಹೋಗಲಿ."